ರಜೆ ಮುಗಿದ ಮೇಲಿನ ಎಂಟು ದಿನ: ಕಾರ್ಖಾನೆಯ ಕೈಪಿಡಿ ಕನ್ನಡಕ್ಕೆ ಬರುವಾಗ

(ಅನುವಾದಕರು ಮತ್ತು ಎಚ್‌ಆರ್ ವಿಭಾಗದವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕಾಗಿ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಂಪನಿ ಕೈಪಿಡಿಯ ಮೊದಲ ಪುಟಗಳಲ್ಲಿ ಸ್ವಾಗತದ ಮಾತು, ಕಂಪನಿ ಬೆಳೆದು ಬಂದ ಕಥೆ, ದೊಡ್ಡವರ ಫೋಟೊ ಇರುತ್ತದೆ. ಅದನ್ನು ನೀವು ಹೇಗೆ ಅನುವಾದ ಮಾಡಿದರೂ ಯಾರ ಗಂಟೂ ಹೋಗುವುದಿಲ್ಲ. ಕೆಲಸಗಾರರು ಹುಡುಕಿಕೊಂಡು ಓದುವುದು ಎರಡೇ ಭಾಗ. ರಜೆ ಎಷ್ಟು ಸಿಗುತ್ತದೆ ಅನ್ನುವುದು ಒಂದು, ಕೆಲಸ ಯಾವಾಗ ಹೋಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಸೇರಿದ ದಿನವೇ ಓದುತ್ತಾರೆ. ಎರಡನೆಯದನ್ನು ಓದುವುದು ಕೈಗೆ ಮೆಮೊ ಬಂದ ಮೇಲೆ.

ಈ ಎರಡೂ ಒಂದಕ್ಕೊಂದು ತಾಗುವ ಜಾಗ ಒಂದಿದೆ. ರಜೆ ಮುಗಿಯಿತು, ಕೆಲಸಗಾರ ಬರಲಿಲ್ಲ. ಆಗ ಏನಾಗುತ್ತದೆ? ಇವತ್ತು ಹೆಚ್ಚಾಗಿ ಅದೊಂದರ ಸುತ್ತಲೇ ಮಾತಾಡುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಸಲೀಸಾಗಿ ಕೂರದ ಪದಗಳೆಲ್ಲ ಅಲ್ಲೇ ಬಂದು ಗುಂಪುಗಟ್ಟಿವೆ.

ಸ್ವಲ್ಪ ಹಿನ್ನೆಲೆ. ಕಾರ್ಖಾನೆ ಕೈಪಿಡಿಯ ಶಿಸ್ತಿನ ಭಾಗವನ್ನು ಯಾರೂ ಹೊಸದಾಗಿ ಕೂತು ಬರೆದಿರುವುದಿಲ್ಲ. ಅದು 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಕೆಳಗೆ ಸರ್ಕಾರ ಕೊಟ್ಟ ಮಾದರಿ ಆದೇಶಗಳಿಂದ ಇಳಿದು ಬಂದದ್ದು. ಸ್ಥಾಯಿ ಆದೇಶ ಅಂದರೆ ಕೆಲಸ, ರಜೆ, ಶಿಸ್ತು ಇವುಗಳ ಬಗ್ಗೆ ಕಾರ್ಖಾನೆ ಬರೆದಿಟ್ಟ ನಿಯಮಗಳು. ಆ ಕಾಯ್ದೆಯ 9ನೇ ಕಲಮು ಏನು ಹೇಳುತ್ತಿತ್ತು ಅಂದರೆ, ಈ ಆದೇಶಗಳನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬರೆದು ಬಾಗಿಲ ಹತ್ತಿರ ಬೋರ್ಡಿಗೆ ಹಾಕಬೇಕು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು ಆ ಕಾಯ್ದೆಯ ಜಾಗದಲ್ಲಿ ಕೂತಿದೆ. ಆದರೆ ನಮ್ಮ ಮೇಜಿಗೆ ಬರುವ ಕೈಪಿಡಿಗಳ ವಾಕ್ಯಗಳು ಮಾತ್ರ ಇನ್ನೂ ಹಳೆಯವೇ. ಆದ್ದರಿಂದ ಹಳೆಯ ಮಾದರಿಯನ್ನೇ ಹಿಡಿದು ಮಾತಾಡುತ್ತೇನೆ.

ರಜೆ ಹಾಕಿದ್ದೆ ಸಾರ್

ಇಂಗ್ಲಿಷ್ ಪದಕ್ಕೆ ಕನ್ನಡ ಸಿಗುವುದಿಲ್ಲ ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಚೆನ್ನಾಗಿ ಗೊತ್ತಿರುವ ಕನ್ನಡವೇ. 'ರಜೆ ಹಾಕು' ಅನ್ನುವುದನ್ನೇ ನೋಡಿ. 'ನಾಳೆ ರಜೆ ಹಾಕ್ತೀನಿ' ಅಂದರೆ ಅರ್ಜಿ ಕೊಡುತ್ತೇನೆ ಅಂತಲೂ ಹೌದು, ನಾಳೆ ಬರುವುದಿಲ್ಲ ಅಂತಲೂ ಹೌದು. ನಡುವೆ ಮೇಲಿನವರು ಒಪ್ಪಬೇಕು ಅನ್ನುವ ಹಂತ ಈ ಮಾತಿನೊಳಗೆ ಇಲ್ಲವೇ ಇಲ್ಲ. ಸೂಪರ್‌ವೈಸರ್ ಮೇಜಿನ ಮೇಲೆ ಚೀಟಿ ಇಟ್ಟು ಊರಿನ ಬಸ್ ಹತ್ತಿದವರು ವಾಪಸ್ ಬಂದು, 'ನಾನು ರಜೆ ಹಾಕಿದ್ದೆ ಸಾರ್' ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಕಂಪನಿ 'ರಜೆಯಿಲ್ಲದೆ ಗೈರುಹಾಜರು' ಅಂದರೆ ಅದೂ ಸುಳ್ಳಲ್ಲ.

ಹಾಗಾಗಿ ಕೈಪಿಡಿಯಲ್ಲಿ 'ರಜೆ ಹಾಕುವುದು' ಅನ್ನುವ ಮಾತು ಎಲ್ಲಿಯೂ ಬರಬಾರದು. ಅರ್ಜಿ ಕೊಡುವುದು, ರಜೆ ಮಂಜೂರಾಗುವುದು, ರಜೆಯ ಮೇಲೆ ಹೋಗುವುದು. ಈ ಮೂರನ್ನು ಮೂರು ಕ್ರಿಯಾಪದಗಳಲ್ಲೇ ಇಡಬೇಕು. 'ಮಂಜೂರು' ಎಲ್ಲರಿಗೂ ಗೊತ್ತು. ಸಾಲ ಮಂಜೂರು, ಮನೆ ಮಂಜೂರು ಅಂತ ಕೇಳಿಯೇ ಇರುತ್ತಾರೆ.

ರಜೆಯ ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಂದರ್ಭಿಕ ರಜೆ, ಗಳಿಕೆ ರಜೆ, ಹೆರಿಗೆ ರಜೆ ಸರ್ಕಾರಿ ಕನ್ನಡದಲ್ಲಿ ಬಹಳ ಕಾಲದಿಂದ ಇವೆ, ಬಳಸಿ. ಆದರೆ ಶಾಪ್ ಫ್ಲೋರ್‌ನಲ್ಲಿ ಯಾರೂ 'ಸಾಂದರ್ಭಿಕ' ಅನ್ನುವುದಿಲ್ಲ, ಸಿಎಲ್ ಅನ್ನುತ್ತಾರೆ. ಪೇಸ್ಲಿಪ್‌ನಲ್ಲೂ ಸಿಎಲ್ ಅಂತಲೇ ಇರುತ್ತದೆ. ಮೊದಲ ಸಲ 'ಸಾಂದರ್ಭಿಕ ರಜೆ, ಅಂದರೆ ಸಿಎಲ್' ಅಂತ ಬರೆದು ಆಮೇಲೆ ಉದ್ದಕ್ಕೂ ಸಿಎಲ್ ಅಂತಲೇ ಹೋದರೆ ಕನ್ನಡಕ್ಕೇನೂ ಅವಮಾನವಾಗುವುದಿಲ್ಲ.

ಎಡವಟ್ಟಾಗುವುದು 'ಲಾಸ್ ಆಫ್ ಪೇ' ಅನ್ನುವಲ್ಲಿ. ಸಾಮಾನ್ಯವಾಗಿ ಇದನ್ನು 'ವೇತನರಹಿತ ರಜೆ' ಅಂತ ಮಾಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸಂಬಳ ಬೇಡ, ರಜೆ ಕೊಡಿ ಅಂತ ಕೇಳಿ ಒಪ್ಪಿಗೆ ಪಡೆದು ಹೋದವರದ್ದು ನಿಜವಾಗಿ ರಜೆ. ಹೇಳದೆ ಕೇಳದೆ ಬಾರದವರ ಸಂಬಳ ಹಿಡಿದರೆ ಅದು ರಜೆಯೇ ಅಲ್ಲ, ಕೆಲಸ ಮಾಡದ ದಿನಕ್ಕೆ ಸಂಬಳವಿಲ್ಲ, ಅಷ್ಟೇ. ಇಂಗ್ಲಿಷಿನ ಆ ಮೂರು ಪದ ಎರಡಕ್ಕೂ ನಡೆದುಬಿಡುತ್ತದೆ, ಅದರಲ್ಲಿ 'ರಜೆ' ಅನ್ನುವ ಪದವೇ ಇಲ್ಲ. ಕನ್ನಡದಲ್ಲಿ ನಾವಾಗಿಯೇ 'ರಜೆ' ಸೇರಿಸಿಬಿಡುತ್ತೇವೆ. ನಾಳೆ ವಿಚಾರಣೆಯಲ್ಲಿ ಕೆಲಸಗಾರರು, 'ಆ ಐದು ದಿನವನ್ನು ನೀವೇ ವೇತನರಹಿತ ರಜೆ ಅಂತ ಬರೆದಿದ್ದೀರಿ, ಈಗ ರಜೆಯಿಲ್ಲದೆ ಗೈರಾದೆ ಅಂತ ಹೇಗೆ ಹೇಳುತ್ತೀರಿ?' ಅಂತ ಕೇಳಿದರೆ ಪ್ರಶ್ನೆ ನ್ಯಾಯವಾಗಿಯೇ ಇದೆ, ಅಲ್ವಾ? ಹಾಗಂತ 'ಸಂಬಳ ಕಡಿತ' ಅಂದರೆ ದಂಡ ಹಾಕಿದ ಹಾಗೆ ಕೇಳಿಸುತ್ತದೆ. ನಾನು ಒಪ್ಪಿಗೆ ಪಡೆದದ್ದಕ್ಕೆ 'ಸಂಬಳವಿಲ್ಲದ ರಜೆ' ಅಂತಲೂ ಒಪ್ಪಿಗೆ ಇಲ್ಲದ್ದಕ್ಕೆ 'ಗೈರಾದ ದಿನಕ್ಕೆ ಸಂಬಳ ಇಲ್ಲ' ಅಂತಲೂ ಬೇರೆ ಬೇರೆ ಬರೆಯುತ್ತೇನೆ. ಇಂಗ್ಲಿಷ್ ಪ್ರತಿ ಯಾವುದನ್ನು ಹೇಳುತ್ತಿದೆ ಅಂತ ಗೊತ್ತಾಗದಿದ್ದರೆ ಎಚ್‌ಆರ್‌ಗೆ ಫೋನ್ ಮಾಡುತ್ತೇನೆ. ಎಷ್ಟೋ ಸಲ ಅವರಿಗೂ ಅದು ಆಗಲೇ ಹೊಳೆಯುವುದು.

ಲೀನ್ ಅಂದರೆ ಏನು

ಈಗ ಆ ಕಲಮಿಗೆ ಬರೋಣ. ಮಾದರಿ ಆದೇಶದ ತಿರುಳು ಇಷ್ಟು. ಮೊದಲು ಕೊಟ್ಟ ಅಥವಾ ಆಮೇಲೆ ವಿಸ್ತರಿಸಿದ ರಜೆ ಮುಗಿದ ಮೇಲೂ ಕೆಲಸಗಾರ ಬಾರದಿದ್ದರೆ ಆತ ತನ್ನ ನೇಮಕದ ಮೇಲಿನ ಲೀನ್ ಕಳೆದುಕೊಳ್ಳುತ್ತಾನೆ. ಇದಕ್ಕೊಂದು 'ಅನ್‌ಲೆಸ್' ಇದೆ. ರಜೆ ಮುಗಿದ 8 ದಿನದೊಳಗೆ ವಾಪಸ್ ಬರಬೇಕು, ಜೊತೆಗೆ ಸಮಯಕ್ಕೆ ಬರಲಾಗದ್ದಕ್ಕೆ ಮಾಲೀಕರಿಗೆ ಒಪ್ಪಿಗೆಯಾಗುವ ಕಾರಣ ಕೊಡಬೇಕು. ಕೊನೆಯಲ್ಲಿ ಇನ್ನೊಂದು ಮಾತಿದೆ. ಲೀನ್ ಕಳೆದುಕೊಂಡವರಿಗೆ ಬದಲಿ ಪಟ್ಟಿಯಲ್ಲಿ, ಅಂದರೆ ಕಾಯಂ ಕೆಲಸಗಾರರು ಬಾರದಾಗ ಅವರ ಜಾಗಕ್ಕೆ ಕರೆಯುವವರ ಪಟ್ಟಿಯಲ್ಲಿ, ಇರುವ ಹಕ್ಕಿದೆ.

ಇದರ ಕನ್ನಡ ಸಾಮಾನ್ಯವಾಗಿ ಹೀಗೆ ಬರುತ್ತದೆ: 'ಸದರಿ ಕಾರ್ಮಿಕನು ರಜಾ ಅವಧಿ ಮುಕ್ತಾಯಗೊಂಡ ಎಂಟು ದಿನಗಳೊಳಗಾಗಿ ಹಿಂತಿರುಗಿ ತನ್ನ ಅಸಮರ್ಥತೆಯನ್ನು ಮಾಲೀಕನಿಗೆ ತೃಪ್ತಿಯಾಗುವಂತೆ ವಿವರಿಸದ ಹೊರತು ತನ್ನ ನೇಮಕಾತಿಯ ಮೇಲಿನ ಧಾರಣಾಧಿಕಾರವನ್ನು ಕಳೆದುಕೊಳ್ಳತಕ್ಕದ್ದು.'

ಒಂದೊಂದಾಗಿ ನೋಡೋಣ. 'ಕಳೆದುಕೊಳ್ಳತಕ್ಕದ್ದು' ಅಂದರೇನು? ಕಳೆದುಕೊಳ್ಳಬೇಕು ಅಂತ! ಇಂಗ್ಲಿಷಿನ 'ಶಲ್' ಕಂಡಲ್ಲೆಲ್ಲ 'ತಕ್ಕದ್ದು' ಹಾಕುವ ರೂಢಿ ನಮಗೆ ಕಾನೂನು ಕನ್ನಡದಿಂದ ಬಂದಿದೆ. ಗುರುತಿನ ಚೀಟಿ ಧರಿಸತಕ್ಕದ್ದು ಅಂದರೆ ಸರಿ, ಅದು ಮಾಡಲೇಬೇಕಾದ ಕೆಲಸ. ಲೀನ್ ಕಳೆದುಕೊಳ್ಳುವುದು ಕೆಲಸಗಾರರು ಮಾಡಬೇಕಾದ ಕೆಲಸವಲ್ಲ, ಅವರಿಗೆ ಆಗುವ ಪರಿಣಾಮ. ಅಲ್ಲಿ 'ಕಳೆದುಕೊಳ್ಳುತ್ತಾರೆ' ಅಂದರೆ ಸಾಕು.

ಇನ್ನು 'ಧಾರಣಾಧಿಕಾರ'. ಅದನ್ನು ಓದಿದ ಕೆಲಸಗಾರರಿಗೆ ಏನೂ ಗೊತ್ತಾಗುವುದಿಲ್ಲ. ಸುಮ್ನೆ 'ಲೀನ್' ಅಂತ ಬಿಟ್ಟರೆ ಬ್ಯಾಂಕಿನ ಮೆಸೇಜ್ ನೆನಪಾಗುತ್ತದೆ, ಖಾತೆಯಲ್ಲಿ ದುಡ್ಡು ಹಿಡಿದಿಟ್ಟಾಗ ಬರುತ್ತದಲ್ಲ ಅದು. 'ಕೆಲಸ ಕಳೆದುಕೊಳ್ಳುತ್ತಾರೆ' ಅಂದರೆ ಸುಲಭ, ಆದರೆ ತಪ್ಪು. ಯಾಕೆಂದರೆ ಮುಂದಿನ ವಾಕ್ಯದಲ್ಲಿ ಬದಲಿ ಪಟ್ಟಿ ಇದೆ. ಬಸ್ಸಿನಲ್ಲಿ ಟವೆಲ್ ಹಾಕಿ ಕೆಳಗಿಳಿದು ಹೋಗುತ್ತೀರಲ್ಲ, ಆ ಟವೆಲ್ಲೇ ಲೀನ್. ನೀವು ಕೂತಿಲ್ಲ, ಆದರೂ ಸೀಟು ನಿಮ್ಮದು. ಸರ್ಕಾರಿ ನೌಕರರಿಗೆ ಇದು ಚೆನ್ನಾಗಿ ಗೊತ್ತು, ಬೇರೆ ಇಲಾಖೆಗೆ ಆಯ್ಕೆಯಾಗಿ ಹೋಗುವಾಗ ಹಳೆಯ ಹುದ್ದೆಯಲ್ಲಿ ಲೀನ್ ಉಳಿಸಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಆ ಅರ್ಥ ಜನಬಳಕೆಗೆ ಬಂದಿಲ್ಲ. ಅದಕ್ಕೆ ನಾನು 'ಹುದ್ದೆಯ ಮೇಲಿನ ಹಕ್ಕು' ಅಂತ ಬರೆಯುತ್ತೇನೆ. ಮೊದಲ ಸಲ ಬಂದಾಗ ಮಾತ್ರ 'ಈ ಹಕ್ಕನ್ನು ಲೀನ್ ಎನ್ನುತ್ತಾರೆ' ಅಂತ ಸೇರಿಸುತ್ತೇನೆ. ಮುಂದೆ ಪತ್ರ ಬಂದರೆ ಅದರಲ್ಲಿ ಲೀನ್ ಅಂತಲೇ ಇರುತ್ತದೆ, ಗುರುತು ಸಿಗಬೇಕು.

ಮೂರನೆಯದು ಎಂಟು ದಿನ. ಅನುವಾದ ಮುಗಿದ ಮೇಲೆ ಲೈನ್‌ನಲ್ಲಿ ಕೆಲಸ ಮಾಡುವ ಕೆಲವರಿಗೆ ಓದಲು ಕೊಟ್ಟು ಒಂದು ಕಥೆ ಹೇಳಿ ಪ್ರಶ್ನೆ ಕೇಳಬೇಕು. 'ಅರ್ಥವಾಯಿತಾ' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಕಥೆ ಹೀಗೆ: ಒಬ್ಬಾಕೆಗೆ ತಂಗಿಯ ಮದುವೆಗೆ ಮೇ 10ರವರೆಗೆ ರಜೆ ಮಂಜೂರಾಗಿತ್ತು. ಆಕೆ ಬಂದದ್ದು ಮೇ 15ಕ್ಕೆ. ಏನಾಗುತ್ತದೆ? ಇದಕ್ಕೆ ಬಂದ ಒಂದು ಉತ್ತರ: 'ಏನೂ ಆಗಲ್ಲ ಮೇಡಂ, ಎಂಟು ದಿನ ಬಿಟ್ಟಿದ್ದಾರಲ್ಲ.' ನೋಡಿ, ಷರತ್ತು ಹೋಗಿ ವಿನಾಯಿತಿ ಆಯಿತು. ಮೇಲಿನ ಉದ್ದ ವಾಕ್ಯದಲ್ಲಿ 'ಹಿಂತಿರುಗಿ... ವಿವರಿಸದ ಹೊರತು' ಅಂತ ಎರಡು ಷರತ್ತುಗಳು ಒಂದೇ ಉಸಿರಿನಲ್ಲಿ ಹೋಗಿಬಿಟ್ಟಿವೆ. ಓದುವವರ ಮನಸ್ಸಿನಲ್ಲಿ ಉಳಿಯುವುದು ಅಂಕಿ ಮಾತ್ರ. ಕೆಲವು ಅನುವಾದಗಳಲ್ಲಂತೂ 'ಎಂಟು ದಿನಗಳ ಕಾಲಾವಕಾಶ ನೀಡಲಾಗುವುದು' ಅಂತಲೇ ಇರುತ್ತದೆ. ಮೂಲದಲ್ಲಿ ಯಾರೂ ಯಾರಿಗೂ ಕಾಲಾವಕಾಶ ಕೊಟ್ಟಿಲ್ಲ. ಮೇ 15ಕ್ಕೆ ಬಂದವರು ಮೊದಲ ಷರತ್ತು ಪೂರೈಸಿದ್ದಾರೆ, ಎರಡನೆಯದು ಇನ್ನೂ ಬಾಕಿ ಇದೆ.

ಕೊನೆಗೆ ನಾನು ನಿಲ್ಲಿಸಿದ ರೂಪ ಇದು:

'ಮಂಜೂರಾದ ರಜೆ, ಅಥವಾ ಆಮೇಲೆ ವಿಸ್ತರಿಸಿದ ರಜೆ, ಮುಗಿದ ಮೇಲೂ ಕೆಲಸಕ್ಕೆ ಬಾರದಿದ್ದರೆ ಕೆಲಸಗಾರರು ತಮ್ಮ ಹುದ್ದೆಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಈ ಹಕ್ಕನ್ನು ಲೀನ್ ಎನ್ನುತ್ತಾರೆ. ಇದು ಉಳಿಯಬೇಕಾದರೆ ಎರಡೂ ಷರತ್ತು ಪೂರೈಸಬೇಕು. ಒಂದು, ರಜೆ ಮುಗಿದ 8 ದಿನಗಳೊಳಗೆ ವಾಪಸ್ ಬರಬೇಕು. ಎರಡು, ರಜೆ ಮುಗಿಯುವ ಮೊದಲು ಏಕೆ ಬರಲಾಗಲಿಲ್ಲ ಎಂಬುದನ್ನು ಮಾಲೀಕರಿಗೆ, ಅಥವಾ ಅವರು ಗೊತ್ತುಮಾಡಿದ ಅಧಿಕಾರಿಗೆ, ಮನವರಿಕೆ ಮಾಡಿಕೊಡಬೇಕು. ಹಕ್ಕು ಕಳೆದುಕೊಂಡವರಿಗೆ ಬದಲಿ ಕೆಲಸಗಾರರ ಪಟ್ಟಿಯಲ್ಲಿ ಇರುವ ಹಕ್ಕಿದೆ.'

'ತೃಪ್ತಿ' ಬೇಡವೆಂದು 'ಮನವರಿಕೆ' ಆರಿಸಿದೆ. ಮಾಲೀಕರನ್ನು ತೃಪ್ತಿಪಡಿಸಬೇಕು ಅನ್ನುವುದು ಕನ್ನಡದಲ್ಲಿ ಏನೇನೋ ಅರ್ಥ ಕೊಡುತ್ತದೆ, ವಿವರಿಸುವ ಅಗತ್ಯವಿಲ್ಲ ಅಂದುಕೊಳ್ಳುತ್ತೇನೆ. ಮೇ 10ರ ಉದಾಹರಣೆಯನ್ನು ಕೈಪಿಡಿಯಲ್ಲೇ ಹಾಕಬಹುದಾ? ಹಾಕಿದರೆ ಒಳ್ಳೆಯದೇ. ಆದರೆ ಎಚ್‌ಆರ್‌ನವರು ಒಪ್ಪಿ, ಇಂಗ್ಲಿಷಿನಲ್ಲೂ ಅದೇ ಉದಾಹರಣೆ ಸೇರಿಸಬೇಕು. ಕನ್ನಡದಲ್ಲಿ ಮಾತ್ರ ಇದ್ದರೆ ಅದು ಅನುವಾದಕರು ಮಾಡಿದ ಹೊಸ ನಿಯಮವಾಗುತ್ತದೆ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಈ ಕಲಮನ್ನು ಓದಿದರೆ ಹಕ್ಕು ತಂತಾನೇ ಹೋಗುತ್ತದೆ, ಯಾರೂ ಕೇಳಬೇಕಿಲ್ಲ ಅನಿಸುತ್ತದೆ. ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಮತ್ತು ಜೆ.ಎಂ.ಎ. ಇಂಡಸ್ಟ್ರೀಸ್ ನಡುವಿನ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಅಲ್ಲಿಯೂ ಎಂಟು ದಿನಕ್ಕಿಂತ ಹೆಚ್ಚು ಗೈರಾದರು ಅಂತ ಸ್ಥಾಯಿ ಆದೇಶದ ಇಂಥದ್ದೇ ಕಲಮು ತೋರಿಸಿ ಕೆಲಸದಿಂದ ತೆಗೆದಿದ್ದರು. ತನ್ನನ್ನು ಗೇಟಿನಲ್ಲೇ ತಡೆದರು ಅನ್ನುವುದು ಕೆಲಸಗಾರರ ವಾದವಾಗಿತ್ತು. ಹೇಳಿಕೊಳ್ಳಲು ಅವಕಾಶ ಕೊಡದೆ ಕೆಲಸದಿಂದ ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ ಅಂತ ಕೋರ್ಟ್ ಹೇಳಿತು. ವಾಪಸ್ ಕೆಲಸಕ್ಕೆ ತೆಗೆದುಕೊಂಡು ಅರ್ಧ ಹಿಂಬಾಕಿ ಸಂಬಳ ಕೊಡಲು ಹೇಳಿತು. ಇದು ಗೊತ್ತಿರುವ ಅನುವಾದಕರಿಗೆ ಕೈ ತುರಿಸುತ್ತದೆ, 'ವಿಚಾರಣೆಯ ನಂತರ' ಅಂತ ಎರಡು ಪದ ಸೇರಿಸಿಬಿಡೋಣ ಅಂತ. ಸೇರಿಸಬೇಡಿ. ಮೂಲದಲ್ಲಿ ಇಲ್ಲದ ರಕ್ಷಣೆ ಇದೆ ಅಂತ ಕೆಲಸಗಾರರು ನಂಬುತ್ತಾರೆ, ಕಂಪನಿ ಇಂಗ್ಲಿಷ್ ಪ್ರತಿಯಂತೆ ನಡೆಯುತ್ತದೆ. ಅದರ ಬದಲು ಕಲಮಿನ ಪಕ್ಕ ಒಂದು ಪ್ರಶ್ನೆ ಬರೆದು ಕಳಿಸಿ: ಹಕ್ಕು ಹೋಗುವ ಮೊದಲು ನೋಟಿಸ್ ಕೊಡುತ್ತೀರಾ? ಕೊಡುತ್ತೇವೆ ಅಂದರೆ ಎರಡೂ ಭಾಷೆಯಲ್ಲಿ ಬರೆಯಲಿ.

ಯಾವ ನಡತೆ ಕೆಟ್ಟದ್ದು?

ಶಿಸ್ತಿನ ಭಾಗದ ಮುಖ್ಯ ಪದ 'ಮಿಸ್‌ಕಾಂಡಕ್ಟ್'. ಇದಕ್ಕೆ 'ಅನುಚಿತ ವರ್ತನೆ' ಅಂತ ಬಹಳ ಕಡೆ ನೋಡಿದ್ದೇನೆ. ನಿಘಂಟಿನ ಪ್ರಕಾರ ತಪ್ಪಿಲ್ಲ. ಆದರೆ ದಿನಪತ್ರಿಕೆ ಓದುವವರನ್ನು ಕೇಳಿ, ಅನುಚಿತ ವರ್ತನೆ ಅಂದ ಕೂಡಲೇ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ ಸುದ್ದಿಯೇ ನೆನಪಾಗುತ್ತದೆ. ಮಾದರಿ ಆದೇಶದ ಪಟ್ಟಿಯಲ್ಲಿ ರಜೆಯಿಲ್ಲದೆ 10 ದಿನಕ್ಕಿಂತ ಹೆಚ್ಚು ಗೈರಾಗುವುದೂ ಮಿಸ್‌ಕಾಂಡಕ್ಟೇ. ಮಗುವಿಗೆ ಹುಷಾರಿಲ್ಲದೆ ಊರಿನಲ್ಲೇ ಉಳಿದ ಒಬ್ಬಾಕೆಯ ಮನೆಗೆ 'ನೀವು ಅನುಚಿತ ವರ್ತನೆ ಎಸಗಿದ್ದೀರಿ' ಅಂತ ರಿಜಿಸ್ಟರ್ಡ್ ಪತ್ರ ಹೋದರೆ, ಅದನ್ನು ಬಾಗಿಲಲ್ಲಿ ಒಡೆದು ಓದುವವರು ಗಂಡ, ಅತ್ತೆ, ಪಕ್ಕದ ಮನೆಯವರು. 'ದುರ್ನಡತೆ' ಸರ್ಕಾರಿ ಬಳಕೆಯ ಪದ, ಅದೂ ನಡತೆಯ ಮೇಲೇ ಬೆರಳು ಮಾಡುತ್ತದೆ. ನಾನು 'ಶಿಸ್ತು ಉಲ್ಲಂಘನೆ' ಅಂತ ಬರೆಯುತ್ತೇನೆ. ಭಾಗದ ಮೊದಲಲ್ಲಿ ಒಂದೇ ಸಲ, ಕಾನೂನಿನಲ್ಲಿ ದುರ್ನಡತೆ ಎನ್ನುವುದನ್ನೇ ಈ ಕೈಪಿಡಿಯಲ್ಲಿ ಶಿಸ್ತು ಉಲ್ಲಂಘನೆ ಎಂದಿದೆ ಅಂತ ಹೇಳಿಬಿಡುತ್ತೇನೆ.

ಅದೇ ಪಟ್ಟಿಯ ಮೊದಲ ಸಾಲು ಇನ್ನೂ ಕಷ್ಟ. 'ಇನ್‌ಸಬಾರ್ಡಿನೇಷನ್' ಅನ್ನುವುದನ್ನು ಸರಳ ಮಾಡಲು ಹೋಗಿ 'ಮೇಲಿನವರಿಗೆ ಎದುರುತ್ತರ ಕೊಡುವುದು' ಅಂತ ಬರೆಯುವವರಿದ್ದಾರೆ. ಓದಲು ಎಷ್ಟು ಸಲೀಸು! ಆದರೆ ಇದರಿಂದ ಅಪರಾಧವೇ ಹಿಗ್ಗಿತು. ಮೂಲ ಹೇಳುವುದು ಮೇಲಿನವರ ಕಾನೂನುಬದ್ಧ ಮತ್ತು ನ್ಯಾಯವಾದ ಆದೇಶವನ್ನು ಬೇಕೆಂದೇ ಪಾಲಿಸದಿರುವುದು. ಸೂಪರ್‌ವೈಸರ್ ಬೈದಾಗ 'ಯಾಕೆ ಸಾರ್ ಹಂಗೆ ಮಾತಾಡ್ತೀರಿ' ಅಂದವರು ಯಾವ ಆದೇಶವನ್ನೂ ಮುರಿದಿಲ್ಲ, ಎದುರುತ್ತರ ಮಾತ್ರ ಕೊಟ್ಟಿದ್ದಾರೆ. ಕನ್ನಡ ಪ್ರತಿ ನೋಡಿದ ಸೂಪರ್‌ವೈಸರ್ ಇದಕ್ಕೂ ಮೆಮೊ ಕೊಡಬಹುದು ಅಂದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ವಾಕ್ಯ ಉದ್ದವಾದರೂ ಪರವಾಗಿಲ್ಲ, ಕಾನೂನುಬದ್ಧ, ನ್ಯಾಯವಾದ, ಬೇಕೆಂದೇ ಈ ಮೂರೂ ಉಳಿಯಬೇಕು.

'ಹ್ಯಾಬಿಚುಯಲ್' ಕೂಡ ಹಾಗೆಯೇ. 'ಅಭ್ಯಾಸಬಲದಿಂದ ತಡವಾಗಿ ಬರುವುದು' ಅಂದರೆ ಪಾಪ ಗೊತ್ತಿಲ್ಲದೆ ಆಗಿಹೋಯಿತು ಅನ್ನುವ ಅರ್ಥ. 'ಚಾಳಿ' ಅಂದರೆ ಬೈಗುಳ. 'ಪದೇ ಪದೇ' ಸರಿ. ಅದು ಎಷ್ಟು ಸಲ ಅಂತ ಮಾದರಿ ಆದೇಶ ಹೇಳುವುದಿಲ್ಲ, ನೀವೂ ಹೇಳಬೇಡಿ.

ಎರಡು ಅಮಾನತು

'ಸಸ್ಪೆನ್ಷನ್' ಅಂದರೆ ಅಮಾನತು, ಇದರಲ್ಲೇನು ಕಷ್ಟ ಅಂತ ಕೇಳಬಹುದು. ಕೈಪಿಡಿಯಲ್ಲಿ ಅದು ಎರಡು ಕಡೆ ಎರಡು ಅರ್ಥದಲ್ಲಿ ಬರುತ್ತದೆ. ತಪ್ಪು ಸಾಬೀತಾದ ಮೇಲೆ ಶಿಕ್ಷೆಯಾಗಿ ಹೊರಗಿಡುವುದು ಒಂದು, ಮಾದರಿ ಆದೇಶದಲ್ಲಿ ಅದು ಒಂದು ಸಲಕ್ಕೆ 4 ದಿನ ಮೀರುವಂತಿಲ್ಲ. ವಿಚಾರಣೆ ನಡೆಯುವಾಗ ಹೊರಗಿಡುವುದು ಇನ್ನೊಂದು, ಅದು ಶಿಕ್ಷೆಯಲ್ಲ, ಆಗ ಹಣ ಕೊಡಬೇಕು. ಊರಲ್ಲಿ ಮಾತ್ರ 'ಸಸ್ಪೆಂಡ್ ಆದ' ಅಂದರೆ ತಪ್ಪು ಮಾಡಿದ್ದಾನೆ ಅಂತಲೇ ಲೆಕ್ಕ. ಅದಕ್ಕೆ ಎರಡನೆಯದಕ್ಕೆ ಮಾತ್ರ 'ವಿಚಾರಣೆ ಮುಗಿಯುವವರೆಗಿನ ಅಮಾನತು' ಅಂತ ಇಡೀ ಹೆಸರು ಕೊಡುತ್ತೇನೆ. ಮೊದಲನೆಯದಕ್ಕೆ 'ಶಿಕ್ಷೆಯಾಗಿ ಕೆಲಸದಿಂದ ಹೊರಗಿಡುವುದು' ಅಂತ ಬರೆದು ಅಮಾನತು ಪದವನ್ನೇ ತೆಗೆಯುತ್ತೇನೆ.

ಆಗ ಕೊಡುವ ಹಣಕ್ಕೆ 'ಜೀವನಾಂಶ' ಅನ್ನುತ್ತಾರೆ ಕೆಲವರು. ಅದು ವಿಚ್ಛೇದನದ ಪದವಾಗಿಬಿಟ್ಟಿದೆ, ಬೇಡ. 'ಜೀವನಾಧಾರ ಭತ್ಯೆ' ಅನ್ನಿ, ಪಕ್ಕದಲ್ಲೇ ಲೆಕ್ಕ ತೋರಿಸಿ. ಮೊದಲ 90 ದಿನ ಸಂಬಳದ ಅರ್ಧ, ಆಮೇಲೂ ವಿಚಾರಣೆ ಎಳೆದರೆ, ತಡಕ್ಕೆ ಕೆಲಸಗಾರರು ಕಾರಣರಲ್ಲದಿದ್ದರೆ, ಮುಕ್ಕಾಲು. ತಿಂಗಳಿಗೆ 15,000 ರೂಪಾಯಿ ಸಂಬಳವಿದ್ದರೆ ಮೊದಲು 7,500, ಆಮೇಲೆ 11,250. ಹೊಸ ಸಂಹಿತೆಯಲ್ಲೂ ಇದೇ ಪ್ರಮಾಣ ಉಳಿದಿದೆ.

ಕೊನೆಯಲ್ಲಿ ಬಂದ ಪ್ರಶ್ನೆಗಳು

'ನೀವು' ಅಂತ ಬರೆಯಬೇಕೋ 'ಕೆಲಸಗಾರರು' ಅಂತಲೋ ಅಂತ ಒಬ್ಬರು ಕೇಳಿದರು. ರಜೆಯ ಭಾಗದಲ್ಲಿ 'ನೀವು' ಚೆನ್ನಾಗಿರುತ್ತದೆ. ಶಿಸ್ತಿನ ಭಾಗದಲ್ಲಿ 'ನೀವು ಕದ್ದರೆ' ಅಂತ ಓದಿದರೆ ಈಗಲೇ ಕದ್ದಿದ್ದಾರೆ ಅನ್ನುವ ಹಾಗಿರುತ್ತದೆ. ನಾನು ಅಲ್ಲಿ 'ಕೆಲಸಗಾರರು' ಅನ್ನುತ್ತೇನೆ, ಇಬ್ಬರೂ ಒಬ್ಬರೇ ಅಂತ ಕೈಪಿಡಿಯ ಮೊದಲಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ 'ಹಿ'ಯನ್ನು 'ಅವನು' ಮಾಡಲೇಬಾರದು. ಹೊಲಿಗೆ ಕಾರ್ಖಾನೆಯಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅಷ್ಟೂ ನಿಯಮ ಗಂಡಸರಿಗೆ ಬರೆದ ಹಾಗಿರುತ್ತದೆ.

'ವ್ಯತ್ಯಾಸ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ' ಅಂತ ಹಾಕುತ್ತಾರಲ್ಲ, ಮತ್ತೆ ನಾವು ಯಾಕೆ ಇಷ್ಟು ಒದ್ದಾಡಬೇಕು ಅಂತ ಇನ್ನೊಬ್ಬರ ಪ್ರಶ್ನೆ. ಆ ಸಾಲು ಕಂಪನಿಯ ವಕೀಲರಿಗೆ ಬೇಕಾದದ್ದು. ಗೇಟಿನ ಹತ್ತಿರ ಕನ್ನಡ ಬೋರ್ಡ್ ಓದಿ 15ಕ್ಕೆ ಬಂದರೆ ಸಾಕು ಅಂದುಕೊಂಡವರ ಕೈಯಲ್ಲಿ ಇಂಗ್ಲಿಷ್ ಪ್ರತಿ ಇರುವುದಿಲ್ಲ.

ಕೊನೆಯ ಪ್ರಶ್ನೆ ಸಹಿ ಚೀಟಿಯದು. ಕೈಪಿಡಿಯ ಹಿಂದೆ 'ಓದಿ ಅರ್ಥಮಾಡಿಕೊಂಡಿದ್ದೇನೆ' ಅಂತ ಒಂದು ಹಾಳೆ ಇರುತ್ತದೆ, ಸೇರಿದ ದಿನವೇ ಸಹಿ ಹಾಕಿಸಿಕೊಳ್ಳುತ್ತಾರೆ. ಬೆಂಗಳೂರಿನ ಹೊಲಿಗೆ ಕಾರ್ಖಾನೆಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು ತುಂಬ ಇದ್ದಾರೆ, ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮವರಲ್ಲೂ ಓದು ಬಾರದವರು ಇದ್ದಾರೆ. ಅವರಿಂದ 'ಓದಿದ್ದೇನೆ' ಅಂತ ಬರೆಸಿಕೊಳ್ಳುವುದು ಸುಳ್ಳು ಬರೆಸಿಕೊಂಡ ಹಾಗೆ. ಇದನ್ನು ಹೇಳಿದ ಮೇಲೆ ಒಂದು ಕಂಪನಿ ಆ ಹಾಳೆಯನ್ನು ಎರಡು ಭಾಗ ಮಾಡಿತು. ಮೇಲೆ 'ನಾನೇ ಓದಿದ್ದೇನೆ' ಅಂತ ಒಂದು ಸಾಲು. ಕೆಳಗೆ 'ನನಗೆ ಓದಿ ಹೇಳಿದರು' ಅಂತ ಇನ್ನೊಂದು, ಅದರ ಮುಂದೆ ಯಾವ ಭಾಷೆಯಲ್ಲಿ, ಯಾವ ದಿನ, ಓದಿ ಹೇಳಿದವರ ಹೆಸರೇನು ಅಂತ ಮೂರು ಖಾಲಿ ಜಾಗ. ಓದಿ ಹೇಳಿದವರೂ ಸಹಿ ಹಾಕಬೇಕು.